ಸಹಾಯ ಬೇಕು: ಡೆಕ್ ಶೂ ಅಡಿಭಾಗದ ಸವೆದ ಸೀಳುಗಳನ್ನು ಮತ್ತೆ ಕೊಯ್ಯಬಹುದೇ?

ಎಲ್ಲರಿಗೂ ನಮಸ್ಕಾರ. ನಾನು ಬೆಳಗಾವಿಯ ಟಿಳಕವಾಡಿಯವನು. ತಿಂಗಳಿಗೆ ಎರಡು ಬಾರಿ ಗೋವಾಕ್ಕೆ ಹೋಗಿ ಫೈಬರ್‌ಗ್ಲಾಸಿನ ಸಣ್ಣ ಹಾಯಿದೋಣಿ ನಡೆಸುತ್ತೇನೆ. ಮೂರು ವರ್ಷ ಬಳಸಿದ ನನ್ನ ಡೆಕ್ ಶೂ ಈಗ ಒದ್ದೆ ಡೆಕ್ಕಿನ ಮೇಲೆ ಜಾರುತ್ತಿದ್ದು, ಕಳೆದ ವಾರ ದೋಣಿ ತಿರುಗಿಸುವಾಗ ಬಿದ್ದು ಮೊಣಕಾಲು ಊದಿಕೊಂಡಿತು.

ಈ ಶೂಗಳ ಹಿಡಿತವಿರುವುದು ಮೆತ್ತನೆಯ ರಬ್ಬರಿನಲ್ಲಿ ಅಲೆಯಾಕಾರದಲ್ಲಿ ಕೊಯ್ದ, ಬ್ಲೇಡಿನಷ್ಟು ತೆಳುವಾದ ಸೀಳುಗಳಲ್ಲಿ. ಹೆಜ್ಜೆ ಬಾಗಿದಾಗ ಅವು ಬಾಯ್ತೆರೆದು, ಅವುಗಳ ಅಂಚುಗಳು ನೀರಿನ ಪದರವನ್ನು ಒರೆಸಿ ರಬ್ಬರನ್ನು ನೇರವಾಗಿ ಡೆಕ್ಕಿಗೆ ತಾಗಿಸುತ್ತವೆ. 1935ರಲ್ಲಿ ಅಮೆರಿಕದ ಪಾಲ್ ಸ್ಪೆರಿ ರೂಪಿಸಿದ ಈ ವಿಧಾನವೇ ಇಂದಿಗೂ ನಡೆದಿದೆ.

ಸೀಳುಗಳಲ್ಲಿ ಮರಳು ಸಿಕ್ಕಿರಬಹುದೆಂದು ಸಿಹಿನೀರು, ಸೋಪು ಮತ್ತು ಬ್ರಷ್ಷಿನಿಂದ ತೊಳೆದೆ. ಶೂವನ್ನು ಬಾಗಿಸಿ ನೋಡಿದರೆ ಹಿಮ್ಮಡಿಯ ಸೀಳುಗಳು ತೆರೆದುಕೊಳ್ಳುತ್ತವೆ, ಆದರೆ ಭಾರ ಹೆಚ್ಚು ಬೀಳುವ ಮುಂಗಾಲಿನಡಿ ಅವು ಪೂರ್ತಿ ಸವೆದು ನುಣುಪಾಗಿವೆ. ದಡದಲ್ಲಿಯೂ ಇದೇ ಶೂ ಹಾಕಿಕೊಂಡು ನಡೆದದ್ದು ನನ್ನ ತಪ್ಪು.

ಮುಂಗಾಲಿನಡಿ ಸುಮಾರು 4 ಮಿ.ಮೀ. ರಬ್ಬರ್ ಉಳಿದಿದೆ. ಅದರಲ್ಲಿ 2 ಮಿ.ಮೀ. ಆಳಕ್ಕೆ ಹೊಸ ಸೀಳು ಕೊಯ್ದರೆ ಬಾಳುವುದೇ, ಅಥವಾ ಬಾಗುವಲ್ಲೇ ಹರಿಯುವುದೇ? ಅನುಭವವಿದ್ದವರು ದಯವಿಟ್ಟು ತಿಳಿಸಿ. ಹೊಸ ಅಡಿ ಹಾಕಿಸೋಣವೆಂದರೆ, ಇಲ್ಲಿನ ಚಮ್ಮಾರರೊಬ್ಬರು ತೋರಿಸಿದ ಕಪ್ಪು ರಬ್ಬರನ್ನು ಬಿಳಿ ಟೈಲ್ಸಿಗೆ ಉಜ್ಜಿದಾಗ ಗೆರೆ ಉಳಿಯಿತು. ಅದು ದೋಣಿಯ ಬಿಳಿ ಡೆಕ್ಕನ್ನೂ ಕೆಡಿಸುತ್ತದೆ. ಗುರುತು ಬಿಡದ ಮೆತ್ತನೆಯ ರಬ್ಬರ್ ಹಾಳೆ ಬೆಳಗಾವಿಯಲ್ಲಿ ಎಲ್ಲಿ ಸಿಗುತ್ತದೆ?