ಸಹಾಯ ಬೇಕು: 2015ರ ಟಿಡಿಎಸ್ ಸ್ಟೇಟ್‌ಮೆಂಟ್‌ಗೆ ಲೇಟ್ ಫೀ ನೋಟಿಸ್ ಬಂದಿದೆ

ನಮಸ್ಕಾರ. ದಾವಣಗೆರೆ ಹತ್ತಿರ ನಮ್ಮದೊಂದು ಅಕ್ಕಿ ಗಿರಣಿ ಇದೆ. 2015ರ ಜನವರಿ-ಮಾರ್ಚ್‌ನಲ್ಲಿ ಗೋದಾಮು ಕಟ್ಟಿದ ಕಾಂಟ್ರಾಕ್ಟರ್‌ಗೆ 9.6 ಲಕ್ಷ ಕೊಟ್ಟು, ಶೇ. 1ರಂತೆ 9,600 ರೂಪಾಯಿ ಹಿಡಿದಿದ್ದೆವು. ಆ ದುಡ್ಡು ಗಡುವಿನೊಳಗೇ ಸರ್ಕಾರಕ್ಕೆ ಕಟ್ಟಿದ್ದೇವೆ, ಚಲನ್ ಇದೆ. ತಡವಾಗಿದ್ದು ಆ ತ್ರೈಮಾಸಿಕದ ಟಿಡಿಎಸ್ ಸ್ಟೇಟ್‌ಮೆಂಟ್ 26ಕ್ಯೂ ಮಾತ್ರ: ಗಡುವು ಮೇ 15, ಸಲ್ಲಿಸಿದ್ದು ಆಗಸ್ಟ್ 10.

ಈಗ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 234ಇ ಪ್ರಕಾರ ಫೀ ಕಟ್ಟಿ ಅಂತ ಬಂದಿದೆ. 87 ದಿನಕ್ಕೆ ದಿನಕ್ಕೆ 200ರಂತೆ 17,400 ಆಗುತ್ತದೆ. ಫೀ ಟಿಡಿಎಸ್ ಮೊತ್ತ ಮೀರುವಂತಿಲ್ಲ, ಹಾಗಾಗಿ 9,600ಕ್ಕೆ ನಿಲ್ಲಿಸಿದ್ದಾರೆ. ಅದರ ಮೇಲೆ ಬಡ್ಡಿ ಬೇರೆ. ಸರ್ಕಾರಕ್ಕೆ ಒಂದು ಪೈಸೆಯೂ ತಡವಾಗದಿದ್ದರೂ ಹಿಡಿದಷ್ಟೇ ಮತ್ತೆ ಕಟ್ಟಬೇಕು ಅಂದ್ರೆ ಬೇಜಾರಾಗುತ್ತದೆ.

200ಎ ಅಡಿ ಸ್ಟೇಟ್‌ಮೆಂಟ್ ಪ್ರೊಸೆಸ್ ಮಾಡುವಾಗ ಈ ಫೀ ಹಾಕುವ ಅಧಿಕಾರ ಬಂದಿದ್ದೇ 2015ರ ಜೂನ್ 1ರಿಂದ. ಅದಕ್ಕೂ ಹಿಂದಿನ ಅವಧಿಗೆ ಹಾಕಿದ್ದು ನಿಲ್ಲದು ಅಂತ ಫತೇರಾಜ್ ಸಿಂಘ್ವಿ ಪ್ರಕರಣದಲ್ಲಿ ನಮ್ಮ ಕರ್ನಾಟಕ ಹೈಕೋರ್ಟೇ 2016ರಲ್ಲಿ ಹೇಳಿದೆ. ನಮ್ಮ ತ್ರೈಮಾಸಿಕ ಅದಕ್ಕೆ ಮುಂಚಿನದು, ಆದರೆ ಸಲ್ಲಿಸಿದ್ದು ಆಮೇಲೆ. ತೊಡಕು ಇಲ್ಲೇ. ಜೂನ್ 1ರಿಂದ ಮಾತ್ರ ಎಣಿಸಿದರೂ 71 ದಿನ, 14,200. ಆಗಲೂ ಪೂರ್ತಿ 9,600 ಉಳಿಯುತ್ತದೆ, ಅಲ್ವಾ?

ಇಂಥ ಕೇಸಿನಲ್ಲಿ ಜೂನ್ ನಂತರದ ದಿನಗಳ ಫೀ ಕೂಡ ರದ್ದಾದ ಆದೇಶ ಯಾರ ಹತ್ತಿರವಾದರೂ ಇದೆಯಾ? ಮೊದಲು 154ರ ತಿದ್ದುಪಡಿ ಅರ್ಜಿ ಹಾಕಬೇಕಾ, ಇಲ್ಲ ನೇರ ಮೇಲ್ಮನವಿಗೆ ಹೋಗಬೇಕಾ? ಮೇಲ್ಮನವಿಗೆ 30 ದಿನವಷ್ಟೇ ಇರುವುದು. ಇಂಟಿಮೇಶನ್ ಹಳೆಯ ಅಕೌಂಟೆಂಟ್ ಇಮೇಲ್‌ಗೆ ಹೋಗಿತ್ತು, ವಿಳಂಬ ಮನ್ನಿಸಲು ಇಷ್ಟು ಕಾರಣ ಸಾಕಾಗುತ್ತದಾ? ಅನುಭವ ಇರುವವರು ದಯವಿಟ್ಟು ತಿಳಿಸಿ.