ಪದಚರ್ಚೆ: ಕ್ಲಿಯರ್, ಪೆಂಡಿಂಗ್, ಡಿಸ್ಕ್ರೆಪನ್ಸಿ – ಪರಿಶೀಲನಾ ವರದಿಯ ಸಾರಾಂಶದಲ್ಲಿ ಏನೆಂದು ಬರೆಯಬೇಕು?

ವೀಣಾ, ತುಮಕೂರು:

ಎಲ್ಲರಿಗೂ ನಮಸ್ಕಾರ. ನಾನು ಒಂದು ಕಾರ್ಖಾನೆಯ ಎಚ್‌ಆರ್ ವಿಭಾಗದಲ್ಲಿದ್ದೇನೆ. ಹೊಸಬರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಮುಂಚೆ ಅವರ ಓದು, ಹಿಂದಿನ ಕೆಲಸ, ವಿಳಾಸ, ಕೋರ್ಟ್ ಕೇಸು ಎಲ್ಲವನ್ನೂ ವಿಚಾರಿಸಿ ಏಜೆನ್ಸಿಯವರು ವರದಿ ಕಳಿಸುತ್ತಾರೆ. ಅದು ಇಂಗ್ಲಿಷ್‌ನಲ್ಲಿ, ಹತ್ತಿಪ್ಪತ್ತು ಪುಟ ಇರುತ್ತದೆ. ಅದನ್ನು ಒಂದು ಪುಟಕ್ಕೆ ಇಳಿಸಿ ಪ್ರೊಡಕ್ಷನ್ ಮ್ಯಾನೇಜರ್ ಕೈಗೆ ಕೊಡುವುದು ನನ್ನ ಕೆಲಸ. ತೆಗೆದುಕೊಳ್ಳಬೇಕೋ ಬೇಡವೋ ಅಂತ ತೀರ್ಮಾನಿಸುವವರು ಅವರು. ಸಾರಾಂಶ ಕನ್ನಡದಲ್ಲಿರಲಿ, ಮೂರೇ ಭಾಗ ಇರಲಿ ಅಂದಿದ್ದಾರೆ.

ನಾನು ‘ತೇರ್ಗಡೆ, ಬಾಕಿ, ದೋಷ’ ಎಂದು ಬರೆದು ಕೊಟ್ಟೆ. ‘ದೋಷ’ ಕಂಡ ಕೂಡಲೇ ಅವರು ಕೇಳಿದ್ದು, ‘ಏನು ತಪ್ಪು ಮಾಡಿದಾನೆ ಈ ಹುಡುಗ?’ ಅಂತ. ಅವನು ತಪ್ಪು ಮಾಡಿದ್ದಾನೆ ಅಂತ ವರದಿ ಎಲ್ಲೂ ಹೇಳಿಲ್ಲ. ಅವನ ಹೆಸರು ಬಿಟ್ಟು ವರದಿಯಲ್ಲಿದ್ದದ್ದನ್ನು ಹೇಳುತ್ತೇನೆ.

ಮೆಂಟೆನೆನ್ಸ್ ಸೂಪರ್‌ವೈಸರ್ ಕೆಲಸ. ಗುರುತಿನ ದಾಖಲೆ ಸರಿ ಇದೆ. ಕೋರ್ಟ್ ದಾಖಲೆಗೂ ಹಸಿರು ಗುರುತು. ಡಿಪ್ಲೊಮಾ ಬಗ್ಗೆ ಮಂಡಳಿಯಿಂದ ಉತ್ತರ ಬಂದಿಲ್ಲ. ಈಗಿರುವ ಬಾಡಿಗೆ ಮನೆಯ ದಾಖಲೆಯನ್ನು ಹುಡುಗ ಇನ್ನೂ ಕೊಟ್ಟಿಲ್ಲ. ಮೊದಲು ಕೆಲಸ ಮಾಡಿದ ಕಂಪನಿ ಮುಚ್ಚಿಹೋಗಿದೆ, ಅದಕ್ಕೆ ಕಿತ್ತಳೆ ಬಣ್ಣ. ಎರಡನೇ ಕಂಪನಿಯನ್ನು 31-03-2023ಕ್ಕೆ ಬಿಟ್ಟೆ ಅಂತ ಅವನು ಬರೆದಿದ್ದಾನೆ, ಕಂಪನಿಯವರು 14-02-2023 ಅಂತಾರೆ. ಅದಕ್ಕೆ ಕೆಂಪು. ಒಂದು ಕೆಂಪು ಇದ್ದ ಕಾರಣಕ್ಕೆ ಇಡೀ ವರದಿಯ ಮೇಲೆ ಕೆಂಪು ಬಿದ್ದಿದೆ.

ಮೂರು ಭಾಗಕ್ಕೂ ಯಾವ ಪದ ಸರಿ? ಮುಚ್ಚಿಹೋದ ಕಂಪನಿಯನ್ನು ಯಾವುದರಲ್ಲಿ ಸೇರಿಸಲಿ?

ಶ್ರೀನಿವಾಸ, ಮೈಸೂರು:

ವೀಣಾ ಅವರೇ, ‘ತೇರ್ಗಡೆ’ ಖಂಡಿತ ಬೇಡ. ಅದು ಪರೀಕ್ಷೆಗೆ ಹೇಳುವ ಮಾತು. ಇಲ್ಲಿ ಯಾರೂ ಪರೀಕ್ಷೆ ಬರೆದಿಲ್ಲ. ‘ದೋಷ’ವೂ ಬೇಡ, ಅದು ಮನುಷ್ಯನ ಮೇಲೆ ಹೋಗಿ ಕೂರುತ್ತದೆ. ನನ್ನ ಸಲಹೆ: ಅನುಮೋದಿತ, ಅನಿರ್ಣೀತ, ವಿಸಂಗತ. ‘ಬಾಕಿ’ ಅಂದರೆ ಹಣದ ಬಾಕಿ ಅಂತಲೇ ಓದುಗರಿಗೆ ತೋಚುತ್ತದೆ, ಅದನ್ನು ಬಿಡಿ. ಮುಚ್ಚಿಹೋದ ಕಂಪನಿ ಅನಿರ್ಣೀತಕ್ಕೆ ಹೋಗಲಿ.

ಬಸವರಾಜ, ಧಾರವಾಡ:

ಪೊಲೀಸ್ ವೆರಿಫಿಕೇಶನ್ ಅಂದರೆ ಸ್ಟೇಶನ್ನಿನವರೇ ಮನೆಗೆ ಬಂದು ಅಕ್ಕಪಕ್ಕದವರನ್ನು ಕೇಳಿ ಹೋಗ್ತಾರ್ರೀ. ಪಾಸ್‌ಪೋರ್ಟಿಗೆ ನಮ್ಮ ಮನೆಗೂ ಬಂದಿದ್ದರು. ಅದಕ್ಕೆ ಇಷ್ಟೆಲ್ಲ ಪದ ಯಾಕೆ ಬೇಕು ಅಂತ ಮೊದಲು ತಿಳಿಯಲಿಲ್ಲ. ಆಮೇಲೆ ನನ್ನ ಮಗನ ವಿಷಯ ನೆನಪಾಯಿತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಬರೇ ಇನಿಶಿಯಲ್ ಇದೆ. ಆಧಾರ್‌ನಲ್ಲಿ ಅಪ್ಪನ ಹೆಸರು, ಅಡ್ಡಹೆಸರು ಎರಡೂ ಪೂರ್ತಿ ಇವೆ. ಕಂಪನಿಯವರು ‘ನಿಮ್ಮ ವೆರಿಫಿಕೇಶನ್‌ನಲ್ಲಿ ಡಿಸ್ಕ್ರೆಪನ್ಸಿ ಇದೆ’ ಅಂತ ಒಂದೇ ಸಾಲು ಕಳಿಸಿದರು. ಯಾವುದರಲ್ಲಿ ಅಂತ ಹೇಳಲಿಲ್ಲ. ಮನೆಯಲ್ಲಿ ಎಲ್ಲರೂ ಹೆದರಿಬಿಟ್ಟಿದ್ದೆವು. ಕೊನೆಗೆ ಇಬ್ಬರೂ ಒಬ್ಬನೇ ಅಂತ ಅಫಿಡವಿಟ್ ಕೊಟ್ಟ ಮೇಲೆ ಮುಗಿಯಿತು. ಆದ್ದರಿಂದ ಯಾವ ಪದ ಇಟ್ಟರೂ ಅದರ ಮುಂದೆ ಏನು ಹೊಂದಲಿಲ್ಲ ಅನ್ನುವುದನ್ನು ಬರೆಯಿರಿ, ಇದು ನನ್ನ ಕಳಕಳಿ.

ನಾಗರತ್ನ, ಬೆಂಗಳೂರು:

ನಾನು ಬಹಳ ವರ್ಷ ಇಂಥದ್ದೇ ಒಂದು ಏಜೆನ್ಸಿಯಲ್ಲಿ ವರದಿ ತಯಾರಿಸುತ್ತಿದ್ದೆ. ಪದಕ್ಕಿಂತ ಮುಂಚೆ ಏಜೆನ್ಸಿ ಏನು ಮಾಡುತ್ತದೆ ಅಂತ ನೋಡಿದರೆ ಪದ ತಾನಾಗಿ ಸಿಗುತ್ತದೆ.

ಏಜೆನ್ಸಿ ಮಾಡುವುದು ಒಂದೇ: ಅಭ್ಯರ್ಥಿ ಬರೆದದ್ದನ್ನೂ ಮೂಲದವರು ಹೇಳಿದ್ದನ್ನೂ ಪಕ್ಕಪಕ್ಕ ಇಟ್ಟು ನೋಡುವುದು. ಲೆಕ್ಕ ಬರೆಯುವವರು ಇದಕ್ಕೆ ‘ತಾಳೆ ನೋಡುವುದು’ ಅಂತಾರೆ. ಹಾಗಾಗಿ ಮೊದಲನೆಯದು ‘ತಾಳೆಯಾಗಿದೆ’, ಮೂರನೆಯದು ‘ವ್ಯತ್ಯಾಸವಿದೆ’. ಎರಡೂ ಕಾಗದದ ಬಗ್ಗೆ ಹೇಳುತ್ತವೆ, ಮನುಷ್ಯನ ಬಗ್ಗೆ ಅಲ್ಲ. ‘ಅನುಮೋದಿತ’ ಸರಿಯಾಗುವುದಿಲ್ಲ, ಶ್ರೀನಿವಾಸ ಸರ್. ಅನುಮೋದಿಸುವುದು ಮ್ಯಾನೇಜರ್ ಕೆಲಸ. ಏಜೆನ್ಸಿಯೇ ಒಪ್ಪಿಗೆ ಕೊಟ್ಟ ಹಾಗೆ ಆಗಿಬಿಡುತ್ತದೆ.

‘ಬಾಕಿ’ ಇರಲಿ. ಕೆಲಸ ಬಾಕಿ, ವಿಚಾರಣೆ ಬಾಕಿ ಅಂತ ಎಲ್ಲರೂ ಹೇಳುತ್ತೇವೆ, ಅಲ್ವಾ? ಆದರೆ ಬಾಕಿ ಯಾರ ಕಡೆಯಿಂದ ಅನ್ನುವುದು ಗೊತ್ತಾಗಬೇಕು. ವೀಣಾ ಅವರ ಪಟ್ಟಿಯಲ್ಲಿ ಎರಡು ಬೇರೆ ಬೇರೆ ಬಾಕಿ ಇವೆ. ಡಿಪ್ಲೊಮಾ ಮಂಡಳಿಯ ಕಡೆಯಿಂದ ಬಾಕಿ. ಅದಕ್ಕೆ ಕಾಯುವುದು ಬಿಟ್ಟು ಬೇರೆ ದಾರಿಯಿಲ್ಲ, ಹುಡುಗನನ್ನು ಎಷ್ಟು ಕೇಳಿದರೂ ಪ್ರಯೋಜನ ಇಲ್ಲ. ಬಾಡಿಗೆ ಕರಾರು ಹುಡುಗನ ಕಡೆಯಿಂದ ಬಾಕಿ. ಏಜೆನ್ಸಿಯವರು ಇದನ್ನು ‘ಇನ್‌ಸಫಿಶಿಯೆನ್ಸಿ’ ಅಂತ ಬೇರೆಯೇ ಇಡುತ್ತಾರೆ, ಯಾಕೆಂದರೆ ಕಾಗದ ಬರುವ ತನಕ ಅವರು ಕೆಲಸವನ್ನೇ ಶುರು ಮಾಡಿರುವುದಿಲ್ಲ. ಎರಡನ್ನೂ ಸುಮ್ನೆ ‘ಬಾಕಿ’ ಅಂತ ಬರೆದರೆ ಏನಾಗುತ್ತದೆ ಗೊತ್ತಾ? ಏಜೆನ್ಸಿ ಮಾಡುತ್ತಿದೆ ಅಂತ ಮ್ಯಾನೇಜರ್ ಅಂದುಕೊಳ್ಳುತ್ತಾರೆ. ಎಲ್ಲಾ ಕೊಟ್ಟಾಯಿತು ಅಂತ ಹುಡುಗ ಅಂದುಕೊಳ್ಳುತ್ತಾನೆ. ಯಾರೂ ಏನೂ ಮಾಡದೆ ವಾರಗಳು ಹೋಗುತ್ತವೆ.

ಮುಚ್ಚಿಹೋದ ಕಂಪನಿ ಬಾಕಿಯಲ್ಲ. ಏಜೆನ್ಸಿ ಅಲ್ಲಿಗೆ ಹೋಗಿ ಅಥವಾ ಫೋನ್ ಮಾಡಿ ನೋಡಿ, ಉತ್ತರ ಕೊಡುವವರು ಯಾರೂ ಇಲ್ಲ ಅಂತ ಆ ಅಂಶವನ್ನು ಮುಗಿಸಿಬಿಟ್ಟಿದೆ. ಇನ್ನು ಎಷ್ಟು ಕಾದರೂ ಏನೂ ಬರುವುದಿಲ್ಲ. ಹಾಗಂತ ಅದು ವ್ಯತ್ಯಾಸವೂ ಅಲ್ಲ. ಇದಕ್ಕೆ ನಾಲ್ಕನೇ ಭಾಗವೇ ಬೇಕು. ಕಿತ್ತಳೆ ಬಣ್ಣವನ್ನು ನಂಬಬೇಡಿ. ಒಂದು ಏಜೆನ್ಸಿಯಲ್ಲಿ ಅದು ‘ವಿಚಾರಿಸಲು ಆಗಲಿಲ್ಲ’, ಇನ್ನೊಂದರಲ್ಲಿ ‘ಸಣ್ಣ ವ್ಯತ್ಯಾಸ’. ಬಣ್ಣದ ಅರ್ಥ ವರದಿಯಲ್ಲೇ ಎಲ್ಲಾದರೂ ಒಂದು ಕಡೆ ಕೊಟ್ಟಿರುತ್ತಾರೆ, ನೋಡಿ.

ಇಂಥ ಕಡೆ ಬೇರೆ ಸಾಕ್ಷಿ ಕೇಳಬಹುದು. ಪಿಎಫ್ ಪೋರ್ಟಲ್‌ನಲ್ಲಿ ಸರ್ವಿಸ್ ಹಿಸ್ಟರಿ ಸಿಗುತ್ತದೆ, ಅದರಲ್ಲಿ ಕಂಪನಿಯ ಹೆಸರು, ಸೇರಿದ ದಿನ, ಬಿಟ್ಟ ದಿನ ಇರುತ್ತವೆ. ಆದರೆ ಕಾರ್ಖಾನೆ ಕೆಲಸದಲ್ಲಿ ಒಂದು ತೊಡಕಿದೆ. ಗುತ್ತಿಗೆದಾರರ ಮೂಲಕ ಸೇರಿದ್ದರೆ ಪಿಎಫ್‌ನಲ್ಲಿ ಗುತ್ತಿಗೆದಾರರ ಹೆಸರೇ ಇರುತ್ತದೆ, ಕಾರ್ಖಾನೆಯದು ಇರುವುದಿಲ್ಲ. ಅದನ್ನು ಕಂಡು ‘ಆ ಕಂಪನಿಯಲ್ಲಿ ಕೆಲಸವೇ ಮಾಡಿಲ್ಲ’ ಅಂತ ಬರೆದ ಸಾರಾಂಶಗಳನ್ನು ನಾನು ನೋಡಿದ್ದೇನೆ. 20 ಜನಕ್ಕಿಂತ ಕಡಿಮೆ ಇದ್ದ ಚಿಕ್ಕ ವರ್ಕ್‌ಶಾಪ್ ಆದರೆ ಪಿಎಫ್ ಇಲ್ಲದಿರುವುದೇ ಜಾಸ್ತಿ. ಆಗ ಸಂಬಳ ಜಮಾ ಆದ ಪಾಸ್‌ಬುಕ್ ಪುಟ ಕೇಳಿ.

ಇನ್ನೊಂದು ಮಾತು. ಕೋರ್ಟ್ ದಾಖಲೆಗೆ ‘ತಾಳೆಯಾಗಿದೆ’ ಹಾಕಬೇಡಿ. ಅಲ್ಲಿ ಪಕ್ಕಪಕ್ಕ ಇಡಲು ಎರಡು ಕಾಗದವೇ ಇಲ್ಲ. ಹೆಸರು, ಅಪ್ಪನ ಹೆಸರು, ವಿಳಾಸ ಹಾಕಿ ಹುಡುಕಿರುತ್ತಾರೆ, ಏನೂ ಸಿಕ್ಕಿರುವುದಿಲ್ಲ, ಅಷ್ಟೇ. ‘ಇಂಥ ದಿನದವರೆಗೆ ಹುಡುಕಿದಾಗ ದಾಖಲೆ ಸಿಕ್ಕಿಲ್ಲ’ ಅಂತ ಬರೆಯಿರಿ.

ವೀಣಾ, ತುಮಕೂರು:

ನಾಗರತ್ನ ಮೇಡಂ, ತುಂಬಾ ಉಪಕಾರ. ಬಣ್ಣದ ಅರ್ಥ ಹುಡುಕಿದೆ. ನಮ್ಮ ವರದಿಯಲ್ಲಿ ಕೊನೆಯ ಪುಟದಲ್ಲಿತ್ತು. ಕಿತ್ತಳೆ ಅಂದರೆ ಇವರಲ್ಲಿ ‘ವಿಚಾರಿಸಲು ಆಗಲಿಲ್ಲ’. ಬಸವರಾಜ ಸರ್ ಹೇಳಿದ್ದನ್ನೂ ಸೇರಿಸಿ ಹೀಗೆ ಬರೆದಿದ್ದೇನೆ:

ತಾಳೆಯಾಗಿದೆ: ಪಾನ್ ಮತ್ತು ಆಧಾರ್‌ನಲ್ಲಿ ಹೆಸರು, ಹುಟ್ಟಿದ ದಿನ. ಕೋರ್ಟ್ ದಾಖಲೆ ಹುಡುಕಿದಾಗ ಏನೂ ಸಿಕ್ಕಿಲ್ಲ.

ಬಾಕಿ: ಡಿಪ್ಲೊಮಾ, ಮಂಡಳಿಯ ಉತ್ತರ ಬರಬೇಕು. ಈಗಿನ ವಿಳಾಸ, ಅಭ್ಯರ್ಥಿ ಬಾಡಿಗೆ ಕರಾರು ಕೊಡಬೇಕು.

ತಾಳೆ ನೋಡಲಾಗಲಿಲ್ಲ: ಮೊದಲ ಕಂಪನಿ ಮುಚ್ಚಿದೆ. ಅಭ್ಯರ್ಥಿಯಿಂದ ಪಿಎಫ್ ವಿವರ ಕೇಳಿದೆ.

ವ್ಯತ್ಯಾಸವಿದೆ: ಎರಡನೇ ಕಂಪನಿ ಬಿಟ್ಟ ದಿನ. ಅಭ್ಯರ್ಥಿ ಬರೆದದ್ದು 31-03-2023. ಕಂಪನಿ ಹೇಳಿದ್ದು 14-02-2023. ಅಂತರ 45 ದಿನ. ಹುದ್ದೆಯ ಹೆಸರು, ಸೇರಿದ ದಿನ ತಾಳೆಯಾಗಿವೆ.

ನಾಗರತ್ನ, ಬೆಂಗಳೂರು:

ಚೆನ್ನಾಗಿದೆ. ಎರಡು ಕಡೆ ಕೈ ಹಾಕಬೇಕು.

‘ನೋಡಲಾಗಲಿಲ್ಲ’ ಅನ್ನುವುದು ಎರಡು ರೀತಿ ಓದಿಸುತ್ತದೆ. ನೋಡಲು ಆಗಲಿಲ್ಲ ಅಂತಲೂ ಆಗುತ್ತದೆ. ಯಾರೂ ನೋಡಲಿಲ್ಲ, ಅಂದರೆ ಬಿಟ್ಟುಬಿಟ್ಟರು ಅಂತಲೂ ಆಗುತ್ತದೆ. ‘ತಾಳೆ ನೋಡಲು ಆಗಲಿಲ್ಲ’ ಅಂತ ಬಿಡಿಸಿ ಬರೆಯಿರಿ.

ವ್ಯತ್ಯಾಸದ ಸಾಲಿಗೆ ‘ಅಭ್ಯರ್ಥಿಯ ವಿವರಣೆ’ ಅಂತ ಒಂದು ತುಂಡು ಸೇರಿಸಿ. ಕೇಳಿಲ್ಲದಿದ್ದರೆ ‘ಇನ್ನೂ ಕೇಳಿಲ್ಲ’ ಅಂತಲೇ ಇರಲಿ. ಮತ್ತೆ ರಿಲೀವಿಂಗ್ ಲೆಟರ್ ತೆಗೆದು ನೋಡಿ. ಲೆಕ್ಕ ಚುಕ್ತಾ ಆದ ಮೇಲೆ ಪತ್ರ ಕೊಡುವ ಕಂಪನಿಗಳು ಬಹಳ. ಪತ್ರದ ತಲೆಯ ಮೇಲೆ ಒಂದು ತಾರೀಖು, ಒಳಗೆ ಕೆಲಸದ ಕೊನೆಯ ದಿನ ಅಂತ ಇನ್ನೊಂದು. ಮೇಲಿನದನ್ನು ನೋಡಿ ಬಯೋಡೇಟಾದಲ್ಲಿ ಬರೆಯುವವರು ಇದ್ದಾರೆ. ನಡುವಿನ ಖಾಲಿ ದಿನಗಳನ್ನು ಮುಚ್ಚಲು ಬೇಕೆಂದೇ ಬರೆಯುವವರೂ ಇದ್ದಾರೆ. ಯಾವುದು ಅಂತ ನೀವು ಸಾರಾಂಶದಲ್ಲಿ ಊಹಿಸಬೇಡಿ.

ವೀಣಾ, ತುಮಕೂರು:

ಪತ್ರ ನೋಡಿದೆ. ಮೇಲೆ 31-03-2023 ಇದೆ. ಒಳಗಿನ ಸಾಲಿನಲ್ಲಿ 14-02-2023 ಇದೆ. ಎರಡನ್ನೂ ಸಾರಾಂಶಕ್ಕೆ ಹಾಕಿದೆ, ಆದರೆ ‘ವ್ಯತ್ಯಾಸ’ದಿಂದ ತೆಗೆಯಲಿಲ್ಲ. ಅವನು ಬರೆದ ದಿನ ತಪ್ಪು ಅನ್ನುವುದಂತೂ ನಿಜ. ವಿವರಣೆ ಕೇಳಿ ಮೇಲ್ ಕಳಿಸಿದ್ದೇನೆ.

ಮ್ಯಾನೇಜರ್ ಮಾತ್ರ ನಾಲ್ಕನೇ ಭಾಗ ಬೇಡ, ಮೂರೇ ಇರಲಿ ಅಂತಿದ್ದಾರೆ.

ಶ್ರೀನಿವಾಸ, ಮೈಸೂರು:

‘ಬಾಕಿ’ ಬಗ್ಗೆ ನಾಗರತ್ನ ಅವರ ಮಾತು ಒಪ್ಪಿದೆ. ‘ವ್ಯತ್ಯಾಸ’ದ ಬಗ್ಗೆ ಇನ್ನೂ ಒಪ್ಪಿಲ್ಲ. ತಾರೀಖು 45 ದಿನ ಆಚೀಚೆ ಆದರೂ ವ್ಯತ್ಯಾಸ, ಅಂಕಪಟ್ಟಿಯನ್ನೇ ಕಳ್ಳತನದಿಂದ ಮಾಡಿಸಿದರೂ ವ್ಯತ್ಯಾಸವೇ? ಓದುವವರಿಗೆ ತೂಕ ಹೇಗೆ ಗೊತ್ತಾಗಬೇಕು?

ನಾಗರತ್ನ, ಬೆಂಗಳೂರು:

ಸರ್, ಆ ತೂಕ ಪದದಲ್ಲಿ ಬರಬಾರದು ಅಂತಲೇ ನಾನು ಹೇಳುವುದು. ‘ಈ ನೋಂದಣಿ ಸಂಖ್ಯೆಯ ಅಂಕಪಟ್ಟಿ ನಾವು ಕೊಟ್ಟದ್ದಲ್ಲ’ ಅಂತ ವಿಶ್ವವಿದ್ಯಾಲಯ ಬರೆದಿದ್ದರೆ ಆ ವಾಕ್ಯವನ್ನೇ ವ್ಯತ್ಯಾಸದ ಮುಂದೆ ಇಡಿ. ಅದನ್ನು ಓದಿದ ಮೇಲೆ ಯಾರಿಗೂ ಅನುಮಾನ ಉಳಿಯುವುದಿಲ್ಲ. ನಾವೇ ‘ನಕಲಿ’ ಅಂತ ಬರೆದು, ಆಮೇಲೆ ಏಜೆನ್ಸಿ ಸಂಖ್ಯೆಯನ್ನು ತಪ್ಪಾಗಿ ಕಳಿಸಿತ್ತು ಅಂತ ಗೊತ್ತಾದರೆ ಹುಡುಗನ ಕೆಲಸ ಅಷ್ಟರಲ್ಲಿ ಹೋಗಿರುತ್ತದೆ.

ವೀಣಾ ಅವರೇ, ಮೂರೇ ಭಾಗ ಬೇಕು ಅಂತ ಅವರು ಹಟ ಹಿಡಿದರೆ ‘ತಾಳೆ ನೋಡಲು ಆಗಲಿಲ್ಲ’ ಅನ್ನುವುದನ್ನು ಪುಟದ ಕೊನೆಯಲ್ಲಿ ಬೇರೆ ಸಾಲಾಗಿ ಇಡಿ. ಬಾಕಿಗೆ ಸೇರಿಸಿದರೆ ಅವರು ಬಾರದ ಉತ್ತರಕ್ಕೆ ಕಾಯುತ್ತಾ ಕೂರುತ್ತಾರೆ.

ಶ್ರೀನಿವಾಸ, ಮೈಸೂರು:

ವಿಶ್ವವಿದ್ಯಾಲಯದ ಮಾತನ್ನೇ ಇಡುವುದು ಸರಿ. ಆದರೂ ಒಂದೇ ಶೀರ್ಷಿಕೆಯ ಕೆಳಗೆ ಎರಡನ್ನೂ ಇಡಲು ನನಗೆ ಮನಸ್ಸು ಬರುತ್ತಿಲ್ಲ. ಬ್ಯಾಂಕಿನಲ್ಲೋ ಸರ್ಕಾರಿ ಕಚೇರಿಯಲ್ಲೋ ಇದನ್ನು ಹೇಗೆ ಬರೆಯುತ್ತಾರೆ ಅಂತ ಇಲ್ಲಿ ಯಾರಾದರೂ ಬಲ್ಲವರು ತಿಳಿಸಿ.

ಬಸವರಾಜ, ಧಾರವಾಡ:

ಹೆಸರಿನ ಇನಿಶಿಯಲ್ ವಿಷಯ ಯಾವ ಭಾಗಕ್ಕೆ ಹೋಗಬೇಕು ಅಂತ ಯಾರೂ ಹೇಳಲಿಲ್ಲ ನೋಡ್ರಿ. ಅಫಿಡವಿಟ್ ಕೊಡುವ ತನಕ ಅದು ವ್ಯತ್ಯಾಸವೋ, ಬಾಕಿಯೋ?

ನಾಗರತ್ನ, ಬೆಂಗಳೂರು:

ನಾನಾಗಿದ್ದರೆ ಬಾಕಿಯಲ್ಲಿ ಬರೆಯುತ್ತಿದ್ದೆ: ‘ಹೆಸರು, ಒಂದರಲ್ಲಿ ಇನಿಶಿಯಲ್, ಇನ್ನೊಂದರಲ್ಲಿ ಪೂರ್ತಿ. ಅಭ್ಯರ್ಥಿ ಅಫಿಡವಿಟ್ ಕೊಡಬೇಕು.’ ಆದರೆ ಅದನ್ನು ವ್ಯತ್ಯಾಸ ಅಂತಲೇ ಎಣಿಸುವ ಏಜೆನ್ಸಿಗಳೂ ಇವೆ. ನಮ್ಮ ಕಡೆ ಅರ್ಧಕ್ಕರ್ಧ ಜನರ ಹೆಸರು ಹೀಗೇ ಇರುವಾಗ ಅದು ಸರಿ ಅಂತ ನನಗೆ ಅನ್ನಿಸಿಲ್ಲ.