ವೋಗೆಲ್ ಆದ ಮೇಲೆ ನಾಲ್ಕೇ ಸೆಲ್ ತುಂಬಿವೆ, ಎಪ್ಸಿಲಾನ್ ಎಲ್ಲಿಡಬೇಕು?

ಪ್ರಶ್ನೆ ಕೇಳಿದವರು: ಕಡಿಮೆ ವೆಚ್ಚದಲ್ಲಿ ಮಾಲು ಸಾಗಿಸುವ ಟ್ರಾನ್ಸ್‌ಪೋರ್ಟೇಷನ್ ಲೆಕ್ಕ ಇದು. ಎ, ಬಿ, ಸಿ ಮೂರು ಕಾರ್ಖಾನೆ, 1, 2, 3 ಮೂರು ಡಿಪೋ. ವೋಗೆಲ್ ವಿಧಾನದಲ್ಲಿ ಸಿ3ಗೆ 40, ಬಿ1ಗೆ 40, ಎ2ಗೆ 30, ಬಿ3ಗೆ 10 ಬಂತು, ಒಟ್ಟು ವೆಚ್ಚ 480. 3 + 3 − 1, ಅಂದರೆ ಐದು ಸೆಲ್ ಬೇಕಿತ್ತು, ನಾಲ್ಕೇ ಇವೆ. ಖಾಲಿ ಇರುವುದರಲ್ಲಿ ಕಡಿಮೆ ದರದ ಸಿ1ರಲ್ಲಿ ಎಪ್ಸಿಲಾನ್, ಅಂದರೆ ಸೊನ್ನೆಯಂತೆಯೇ ಎಣಿಸುವ ಅತಿ ಚಿಕ್ಕ ಪ್ರಮಾಣ, ಇಟ್ಟೆ. ಆದರೂ ವೆಚ್ಚ ಕನಿಷ್ಠವೇ ಎಂದು ಪರೀಕ್ಷಿಸುವ ಮೋಡಿ ವಿಧಾನದ u, v ಲೆಕ್ಕ ಮಧ್ಯದಲ್ಲೇ ನಿಂತುಬಿಡುತ್ತದೆ. ಅನುಭವ ಇದ್ದವರು ಹೇಳಿ.

```
      1   2   3   ಪೂರೈಕೆ
ಎ     7   4   9    30
ಬಿ     3   6   8    50
ಸಿ     5   8   4    40
ಬೇಡಿಕೆ 40  30  50
```

ಬಿ.ಕಾಂ. ಅಂತಿಮ ವರ್ಷ: ವೋಗೆಲ್ ಬಿಟ್ಟು ನಾರ್ತ್ ವೆಸ್ಟ್ ಕಾರ್ನರ್‌ನಿಂದ ಶುರು ಮಾಡಿ. ಎ1ಗೆ 30, ಬಿ1ಗೆ 10, ಬಿ2ಗೆ 30, ಬಿ3ಗೆ 10, ಸಿ3ಗೆ 40. ಸರಿಯಾಗಿ ಐದು ಸೆಲ್ ಸಿಗುತ್ತವೆ, ಎಪ್ಸಿಲಾನ್ ತಂಟೆಯೇ ಇಲ್ಲ.

ಆಪರೇಷನ್ಸ್ ರಿಸರ್ಚ್ ಪಾಠ ಹೇಳುವವರು: ವೋಗೆಲ್‌ನಲ್ಲಿ ನೀವು ಮಾಡಿದ್ದರಲ್ಲಿ ತಪ್ಪಿಲ್ಲ. ಮೂರನೇ ಹೆಜ್ಜೆಯಲ್ಲಿ ಎ2ಗೆ 30 ಹಾಕಿದಾಗ ಎ ಕಾರ್ಖಾನೆಯ ಮಾಲೂ ಮುಗಿಯಿತು, 2ನೇ ಡಿಪೋದ ಬೇಡಿಕೆಯೂ ಮುಗಿಯಿತು. ಸಾಲು, ಕಾಲಂ ಎರಡೂ ಒಟ್ಟಿಗೆ ಅಳಿಸಿಹೋದದ್ದರಿಂದ ಒಂದು ಸೆಲ್ ಕಡಿಮೆಯಾಯಿತು.

ಎಡವಿದ್ದು ಎಪ್ಸಿಲಾನ್ ಇಟ್ಟ ಜಾಗದಲ್ಲಿ. ಸಿ1ರಿಂದ ಹೊರಟು ಸಿ3, ಬಿ3, ಬಿ1 ಮೂಲಕ ಬಂದರೆ ಮತ್ತೆ ಸಿ1ಕ್ಕೇ ಬರುತ್ತೀರಿ. ತುಂಬಿದ ಸೆಲ್‌ಗಳೇ ಮುಚ್ಚಿದ ಲೂಪ್ ಆಗಿಬಿಟ್ಟವು. ಇತ್ತ ಎ2 ಒಂಟಿಯಾಗಿಯೇ ಉಳಿದಿದೆ: ಎ ಸಾಲಿನಲ್ಲಾಗಲಿ 2ನೇ ಕಾಲಂನಲ್ಲಾಗಲಿ ಬೇರೆ ತುಂಬಿದ ಸೆಲ್ ಇಲ್ಲ. ಹಾಗಾಗಿ ಎ ಸಾಲಿನ u, 2ನೇ ಕಾಲಂನ v ಎರಡೂ ಸಿಗುವುದಿಲ್ಲ. ಲೆಕ್ಕ ನಿಲ್ಲುವುದು ಅಲ್ಲಿಯೇ. ಅದೂ ಅಲ್ಲದೆ ಬಿ, ಸಿ ಸಾಲುಗಳಲ್ಲಿ ಸಮೀಕರಣ ಒಂದು ಹೆಚ್ಚಾಗಿ, ಒಂದಕ್ಕೊಂದು ತಾಳೆ ಬೀಳುವುದಿಲ್ಲ.

ಎಪ್ಸಿಲಾನ್ ಬರಬೇಕಾದದ್ದು ಆ ಒಂಟಿ ಸೆಲ್ಲನ್ನು ಉಳಿದವುಗಳಿಗೆ ಜೋಡಿಸುವ ಜಾಗಕ್ಕೆ. ಇಲ್ಲಿ ಎ1, ಎ3, ಬಿ2, ಸಿ2 ನಾಲ್ಕೂ ನಡೆಯುತ್ತವೆ. ಅವುಗಳಲ್ಲಿ ಕಡಿಮೆ ದರ ಬಿ2ರದು, 6. ಬಿ ಸಾಲಿಗೆ u = 0 ಹಿಡಿದರೆ v ಗಳು 3, 6, 8 ಬರುತ್ತವೆ. ಎ ಸಾಲಿಗೆ u = −2, ಸಿ ಸಾಲಿಗೆ −4. ಈಗ ಖಾಲಿ ಸೆಲ್‌ಗಳಿಗೆ ದರ c ಹಿಡಿದು c − (u + v) ನೋಡಿ: ಎ1ಕ್ಕೆ 6, ಎ3ಕ್ಕೆ 3, ಸಿ1ಕ್ಕೆ 6, ಸಿ2ಕ್ಕೆ 6. ಎಲ್ಲವೂ ಸೊನ್ನೆಗಿಂತ ಹೆಚ್ಚು. 480ಕ್ಕಿಂತ ಕಡಿಮೆ ವೆಚ್ಚದ ಹಂಚಿಕೆ ಇಲ್ಲ.

ನಾರ್ತ್ ವೆಸ್ಟ್ ಸಲಹೆ ಅರ್ಧ ಸರಿ. ಶುರುವಿಗೆ ಐದು ಸೆಲ್ ಸಿಗುವುದು ನಿಜ, ಆದರೆ ವೆಚ್ಚ 660. ಪರೀಕ್ಷಿಸಿದರೆ ಎ2ಕ್ಕೆ −6 ಬರುತ್ತದೆ. ಲೂಪ್ ಎ2, ಎ1, ಬಿ1, ಬಿ2. ಕಳೆಯಬೇಕಾದ ಎ1, ಬಿ2 ಎರಡರಲ್ಲೂ 30 ಇದೆ, ಎರಡೂ ಒಟ್ಟಿಗೆ ಖಾಲಿಯಾಗುತ್ತವೆ. ವೆಚ್ಚ 180 ಇಳಿದು 480ಕ್ಕೆ ಬರುತ್ತದೆ, ಸೆಲ್ ಮತ್ತೆ ನಾಲ್ಕೇ. ಆಗ ಖಾಲಿಯಾದ ಆ ಎರಡರಲ್ಲಿ ಒಂದರಲ್ಲಿ ಮಾತ್ರ ಎಪ್ಸಿಲಾನ್ ಉಳಿಸಿಕೊಳ್ಳಬೇಕು.

ಪ್ರಶ್ನೆ ಕೇಳಿದವರು: ಬಿ2ರ ಬದಲು ಎ1ರಲ್ಲೇ ಉಳಿಸಿಕೊಂಡರೆ ಎ3ಕ್ಕೆ −3 ಬರುತ್ತಿದೆಯಲ್ಲ ಸರ್? ಹಾಗಾದರೆ 480 ಕನಿಷ್ಠ ಅಲ್ಲವೇ?

ಆಪರೇಷನ್ಸ್ ರಿಸರ್ಚ್ ಪಾಠ ಹೇಳುವವರು: ಕನಿಷ್ಠವೇ. ಎ3, ಎ1, ಬಿ1, ಬಿ3 ಲೂಪ್ ಹಾಕಿ. ಕಳೆಯುವ ಸೆಲ್‌ಗಳಲ್ಲಿ ಎ1ರಲ್ಲಿ ಎಪ್ಸಿಲಾನ್, ಬಿ3ರಲ್ಲಿ 10. ಕಡಿಮೆ ಇರುವುದು ಎಪ್ಸಿಲಾನ್, ಹಾಗಾಗಿ ಅದೊಂದೇ ಎ3ಕ್ಕೆ ಜರುಗುತ್ತದೆ. ಒಂದು ಚೀಲವೂ ಅಲುಗಾಡುವುದಿಲ್ಲ, ವೆಚ್ಚವೂ ಬದಲಾಗುವುದಿಲ್ಲ. ಮತ್ತೆ u, v ತೆಗೆದರೆ ಎ1ಕ್ಕೆ 3, ಬಿ2ಕ್ಕೆ 3, ಸಿ1ಕ್ಕೆ 6, ಸಿ2ಕ್ಕೆ 9. ಎಪ್ಸಿಲಾನ್ ಇರುವಾಗ ಮೈನಸ್ ಕಂಡ ತಕ್ಷಣ ಉತ್ತರ ತಪ್ಪೆಂದು ತೀರ್ಮಾನಿಸಬೇಡಿ, ಲೂಪ್ ಹಾಕಿ ಎಷ್ಟು ಜರುಗುತ್ತದೆ ನೋಡಿ. ನಿಮ್ಮ ತರಗತಿಯಲ್ಲಿ (u + v) − c ಬರೆಸಿದ್ದರೆ ಚಿಹ್ನೆ ತಿರುಗುಮುರುಗಾಗುತ್ತದೆ, ಅದೂ ನೆನಪಿರಲಿ.

ಎಂ.ಬಿ.ಎ. ಮೊದಲ ಸೆಮಿಸ್ಟರ್: ನಮಗೂ ಇದೇ ತೊಂದರೆ ಅನಿಸುತ್ತದೆ. ಪೂರೈಕೆ 120, ಬೇಡಿಕೆ 110, ಒಂದು ಸೆಲ್ ಕಡಿಮೆ. 10 ಉಳಿದಿರುವ ಕಾರ್ಖಾನೆಯ ಸಾಲಿನಲ್ಲೇ ಎಪ್ಸಿಲಾನ್ ಹಾಕಬಹುದಾ?

ಆಪರೇಷನ್ಸ್ ರಿಸರ್ಚ್ ಪಾಠ ಹೇಳುವವರು: ನಿಮ್ಮದು ಬೇರೆ ವಿಷಯ. ಮೊದಲು ಸೊನ್ನೆ ದರದ ಡಮ್ಮಿ ಡಿಪೋ ಸೇರಿಸಿ ಅದಕ್ಕೆ 10 ಬೇಡಿಕೆ ಕೊಡಿ. ಡಮ್ಮಿಗೆ ಹೋದ 10 ಎಪ್ಸಿಲಾನ್ ಅಲ್ಲ, ಆ ಕಾರ್ಖಾನೆಯ ಗೋದಾಮಿನಲ್ಲೇ ಉಳಿಯುವ ನಿಜವಾದ ಮಾಲು. ಸೆಲ್ ಎಣಿಸುವಾಗ ಡಮ್ಮಿ ಕಾಲಂ ಸೇರಿಸಿ: 3 + 4 − 1, ಅಂದರೆ ಆರು ಬೇಕು. ಆಮೇಲೂ ಕಡಿಮೆ ಬಂದರೆ ಮಾತ್ರ ಎಪ್ಸಿಲಾನ್.

ಬಿ.ಕಾಂ. ಅಂತಿಮ ವರ್ಷ: ವೋಗೆಲ್ ಪೆನಾಲ್ಟಿ ತೆಗೆಯುವಾಗ ಡಮ್ಮಿಯ ಸೊನ್ನೆ ಹಿಡಿಯಬಾರದು, ಅದನ್ನು ಕೊನೆಗೆ ತುಂಬಬೇಕು ಅಂತ ನಮಗೆ ಹೇಳಿದ್ದಾರೆ.

ಎಂ.ಬಿ.ಎ. ಮೊದಲ ಸೆಮಿಸ್ಟರ್: ನಮಗೆ ಸೊನ್ನೆಯನ್ನೂ ಹಿಡಿದೇ ಮಾಡಿಸಿದ್ದಾರೆ.

ಆಪರೇಷನ್ಸ್ ರಿಸರ್ಚ್ ಪಾಠ ಹೇಳುವವರು: ಎರಡೂ ರೂಢಿಯಲ್ಲಿವೆ. ಸೊನ್ನೆ ಹಿಡಿದರೆ ಪ್ರತಿ ಸಾಲಿನ ಪೆನಾಲ್ಟಿ ಆ ಸಾಲಿನ ಅತಿ ಕಡಿಮೆ ದರವೇ ಆಗಿಬಿಡುತ್ತದೆ, ಎರಡು ನಿಜವಾದ ದಾರಿಗಳ ನಡುವಿನ ಅಂತರ ಕಾಣುವುದೇ ಇಲ್ಲ. ಅದಕ್ಕೇ ಕೊನೆಗೆ ತುಂಬುವುದು ನನಗೆ ಸರಿಯೆನಿಸುತ್ತದೆ. ಒಪ್ಪದವರೂ ಇದ್ದಾರೆ. ಮೋಡಿ ಕೊನೆಯವರೆಗೆ ಮಾಡಿದರೆ ಕನಿಷ್ಠ ವೆಚ್ಚ ಎರಡರಲ್ಲೂ ಒಂದೇ, ಮೊದಲ ಹಂಚಿಕೆ ಮಾತ್ರ ಬೇರೆ ಬರಬಹುದು. ಪ್ರಶ್ನೆಯಲ್ಲಿ ಆರಂಭಿಕ ಪರಿಹಾರವನ್ನಷ್ಟೇ ಕೇಳಿದ್ದರೆ ಯಾವ ಕ್ರಮ ಹಿಡಿದಿರೆಂದು ಒಂದು ಸಾಲು ಬರೆದುಬಿಡಿ.